ಥಂಡರ್‌ಬೋಲ್ಟಾ, ಆಕ್ಯುಲಿಂಕಾ? ಒಂದೇ ಕಾರ್ಡ್ ಎರಡು ದಾರಿಯಲ್ಲಿ ಓಡಿಸಿ ನೋಡಿದ್ದು

ಲ್ಯಾಪ್‌ಟಾಪ್‌ಗೆ ಹೊರಗಿಂದ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂತ ಯಾರಾದರೂ ಹೇಳಿದರೆ, ಉಳಿದವರು ಮೊದಲು ಕೇಳುವುದು ಯಾವ ಕಾರ್ಡ್ ಅಂತ. ನಾನು ಕೇಳುವುದು ಯಾವ ಕೇಬಲ್ ಅಂತ. ಕಾರ್ಡ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ಬೇಕಾದ ಡೇಟಾ ಎಲ್ಲ ಆ ಒಂದು ಕೇಬಲ್‌ನಲ್ಲೇ ಬರಬೇಕಲ್ವಾ?

ನನ್ನ ಹತ್ತಿರ ಇರುವುದು ಥಂಡರ್‌ಬೋಲ್ಟ್ 4 ಪೋರ್ಟ್ ಇರುವ ಲ್ಯಾಪ್‌ಟಾಪ್, ಮತ್ತೆ ಆರ್‌ಟಿಎಕ್ಸ್ 3060 ಟಿಐ, 8 ಜಿಬಿಯದ್ದು. ಮಣಿಪಾಲದಲ್ಲಿ ಓದುವ ಗೆಳೆಯನ ಹತ್ತಿರ ಹಳೆಯ ಥಂಡರ್‌ಬೋಲ್ಟ್ 3 ಎನ್‌ಕ್ಲೋಶರ್, ಅಂದ್ರೆ ಕಾರ್ಡ್ ಕೂರಿಸುವ ಡಬ್ಬಿ, ಇತ್ತು. ಅದನ್ನು ಮಂಗಳೂರಿಗೆ ತಂದೆ. ಜೊತೆಗೆ, ಲ್ಯಾಪ್‌ಟಾಪಿನ ಒಳಗಿನ ಪಿಸಿಐಇ ದಾರಿಯನ್ನು ನೇರ ಕೇಬಲ್‌ನಲ್ಲಿ ಹೊರಗೆ ತರುವ ಆಕ್ಯುಲಿಂಕ್‌ನ ಒಂದು ಡಾಕ್ ತರಿಸಿದೆ. ಇದು ಬರೀ ಬೋರ್ಡು, ಡಬ್ಬಿ ಇಲ್ಲ, ಕಾರ್ಡ್ ಅದರ ಮೇಲೆ ಹಾಗೇ ನಿಲ್ಲುತ್ತದೆ, ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಬೇರೆ ಕೊಡಬೇಕು. ಲ್ಯಾಪ್‌ಟಾಪ್ ಅದೇ, ಕಾರ್ಡ್ ಅದೇ, ದಾರಿ ಮಾತ್ರ ಬೇರೆ.

ಜೋಡಿಸುವ ವಿಷಯದಲ್ಲಿ ಎರಡಕ್ಕೂ ಅಜಗಜಾಂತರ. ಥಂಡರ್‌ಬೋಲ್ಟ್ ಅಂದ್ರೆ ಒಂದೇ ಕೇಬಲ್, ಚುಚ್ಚಿದರೆ ಆಯಿತು, ಅದೇ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗುತ್ತದೆ. ಆಕ್ಯುಲಿಂಕ್‌ಗೆ ಲ್ಯಾಪ್‌ಟಾಪಿನ ಅಡಿಯ ಕವರ್ ಬಿಚ್ಚಬೇಕು. ಎಸ್‌ಎಸ್‌ಡಿ ಕೂರುವ ಎರಡನೇ ಎಂ.2 ಸ್ಲಾಟ್‌ಗೆ ಒಂದು ಪುಟ್ಟ ಅಡಾಪ್ಟರ್ ಕೂರಿಸಿ, ಸಣ್ಣ ಸ್ಕ್ರೂ ಬಿಗಿದು, ಕೇಬಲ್ ಹೊರಗೆ ಬರಲು ಜಾಗ ಮಾಡಬೇಕು. ಆ ಸ್ಲಾಟ್ ಪಿಸಿಐಇ 4.0, ನಾಲ್ಕು ಲೇನ್ ಇರುವುದೇ ಅಂತ ಮೊದಲೇ ನೋಡಿಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡನೇ ಸ್ಲಾಟ್‌ಗೆ ಎರಡೇ ಲೇನ್ ಇರುತ್ತದೆ, ಆಗ ಇಷ್ಟು ಕಷ್ಟಪಟ್ಟದ್ದಕ್ಕೆ ಅರ್ಧವೇ ಫಲ. ಮೊದಲು ಡಾಕ್‌ನ ಪವರ್ ಆನ್ ಮಾಡಬೇಕು, ಆಮೇಲೆ ಲ್ಯಾಪ್‌ಟಾಪ್. ಓಡುತ್ತಿರುವಾಗ ಕೇಬಲ್ ಮುಟ್ಟಲೇಬಾರದು.

ಈಗ ಅಸಲು ವಿಷಯ. ಥಂಡರ್‌ಬೋಲ್ಟ್ ಮೇಲೆ 40 ಗಿಗಾಬಿಟ್ ಅಂತ ಬರೆದಿರುತ್ತದೆ. ಅದರಲ್ಲಿ ಮಾನಿಟರ್ ಸಿಗ್ನಲ್‌ಗೂ ಪಾಲು ಇದೆ. ಕಾರ್ಡ್‌ಗೆ ಕಾಗದದ ಮೇಲೆ ಸಿಗುವುದು ಪಿಸಿಐಇ 3.0, ನಾಲ್ಕು ಲೇನ್, ಅಂದ್ರೆ 32 ಗಿಗಾಬಿಟ್. ಹಳೆಯ ಥಂಡರ್‌ಬೋಲ್ಟ್ 3 ಎನ್‌ಕ್ಲೋಶರ್‌ನಲ್ಲಿ ನಿಜವಾಗಿ ದಾಟುವುದು ಸುಮಾರು 22. ನಾನು ಅಳೆದಾಗ ಸೆಕೆಂಡಿಗೆ 2.6 ಜಿಬಿ ಬಂತು. ಆಕ್ಯುಲಿಂಕ್‌ನಲ್ಲಿ 6.5 ಜಿಬಿ.

ಈ ಲೆಕ್ಕವನ್ನು ಸೆಕೆಂಡಿಗೆ ಅಂತ ನೋಡಿದರೆ ಗೇಮ್‌ನಲ್ಲಿ ಏನಾಗುತ್ತದೆ ಅಂತ ತಿಳಿಯುವುದಿಲ್ಲ. ಒಂದು ಫ್ರೇಮ್‌ಗೆ ಎಷ್ಟು ಅಂತ ನೋಡಬೇಕು. ಥಂಡರ್‌ಬೋಲ್ಟ್‌ನಲ್ಲಿ 60 ಎಫ್‌ಪಿಎಸ್ ಓಡುತ್ತಿದ್ದರೆ ಒಂದು ಫ್ರೇಮ್‌ಗೆ 43 ಎಂಬಿ ಕಳಿಸಬಹುದು. 150 ಎಫ್‌ಪಿಎಸ್ ಬೇಕು ಅಂದ್ರೆ 17 ಎಂಬಿಗೆ ಇಳಿಯಿತು. ಆಕ್ಯುಲಿಂಕ್‌ನಲ್ಲಿ 150ಕ್ಕೂ 43 ಎಂಬಿ ಸಿಗುತ್ತದೆ. ಅಂದ್ರೆ ಥಂಡರ್‌ಬೋಲ್ಟ್‌ಗೆ 60ರಲ್ಲಿ ಇರುವ ಆರಾಮ ಇದಕ್ಕೆ 150ರಲ್ಲಿ ಇದೆ. ಜೊತೆಗೆ ಥಂಡರ್‌ಬೋಲ್ಟ್‌ನಲ್ಲಿ ಡೇಟಾ ಎರಡು ಕಡೆಯ ಕಂಟ್ರೋಲರ್ ದಾಟಿ ಬರಬೇಕು, ಪ್ರತಿ ಸಲ ಸ್ವಲ್ಪ ತಡ. ಎಫ್‌ಪಿಎಸ್ ಏರಿದಷ್ಟೂ ಆ ತಡವೂ ಕಾಡುತ್ತದೆ.

ಹಾಗಾಗಿ ಸೈಬರ್‌ಪಂಕ್ 2077 ಅನ್ನು 1440ಪಿಯಲ್ಲಿ, ರೇ ಟ್ರೇಸಿಂಗ್ ಇಲ್ಲದೆ ಓಡಿಸಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆಕ್ಯುಲಿಂಕ್‌ನಲ್ಲಿ 60ರ ಆಸುಪಾಸು, ಥಂಡರ್‌ಬೋಲ್ಟ್‌ನಲ್ಲಿ 53. ಅಲ್ಲಿ ಕಾರ್ಡೇ ಬೆವರು ಸುರಿಸುತ್ತಿರುತ್ತದೆ, ಕೇಬಲ್‌ಗೆ ಪುರಸೊತ್ತು ಇರುತ್ತದೆ. ಅದೇ ಕೌಂಟರ್-ಸ್ಟ್ರೈಕ್ 2 ಅನ್ನು 1080ಪಿ, ಕಡಿಮೆ ಸೆಟ್ಟಿಂಗ್‌ನಲ್ಲಿ ಹಾಕಿದರೆ ಆಕ್ಯುಲಿಂಕ್ 240 ಕೊಟ್ಟಿತು, ಥಂಡರ್‌ಬೋಲ್ಟ್ 150 ದಾಟಲು ಒದ್ದಾಡಿತು. ಹಗುರ ಗೇಮ್‌ನಲ್ಲೇ ಜಾಸ್ತಿ ನಷ್ಟ. ಕೇಬಲ್ಲೇ ತಡೆಯುತ್ತಿದೆ ಅಂತ ಗುರುತು ಹಿಡಿಯುವುದು ಹೀಗೆ: ಕಾರ್ಡ್‌ನ ಬಳಕೆ 60-65 ಶೇಕಡಾದಲ್ಲೇ ನಿಂತಿರುತ್ತದೆ, ಸಿಪಿಯುನ ಯಾವ ಕೋರ್ ಕೂಡ ಪೂರ್ತಿ ತುಂಬಿರುವುದಿಲ್ಲ, ಆದರೂ ಎಫ್‌ಪಿಎಸ್ ಏರುವುದಿಲ್ಲ. ಆಗ ರೆಸಲ್ಯೂಷನ್ ಒಂದು ಮೆಟ್ಟಿಲು ಏರಿಸಿ ನೋಡಿ. ಎಫ್‌ಪಿಎಸ್ ಹೆಚ್ಚುಕಮ್ಮಿ ಹಾಗೇ ಉಳಿದರೆ ಕಾರ್ಡ್‌ನಲ್ಲಿ ಇನ್ನೂ ಶಕ್ತಿ ಉಳಿದಿದೆ ಅಂತ ಅರ್ಥ.

ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲೇ ಆಡುತ್ತೇನೆ ಅನ್ನುವವರು ಇದನ್ನು ಗಮನಿಸಿ. ಕಾರ್ಡ್ ಚಿತ್ರ ಬಿಡಿಸಿದ ಮೇಲೆ ಆ ಫ್ರೇಮ್ ಅದೇ ಕೇಬಲ್‌ನಲ್ಲಿ ವಾಪಸ್ ಬಂದು, ಲ್ಯಾಪ್‌ಟಾಪಿನ ಮೆಮೊರಿಗೆ ಇಳಿದು, ಆಮೇಲೆ ಪರದೆಗೆ ಹೋಗಬೇಕು. 1080ಪಿಯ ಒಂದು ಫ್ರೇಮ್ ಅಂದ್ರೆ 8.3 ಎಂಬಿ. 144 ಎಫ್‌ಪಿಎಸ್‌ಗೆ ಸೆಕೆಂಡಿಗೆ 1.2 ಜಿಬಿ ಆಯಿತು. ಥಂಡರ್‌ಬೋಲ್ಟ್‌ನಲ್ಲಿ ನನ್ನ ಕೌಂಟರ್-ಸ್ಟ್ರೈಕ್ 150ರಿಂದ 110ಕ್ಕೆ ಬಿತ್ತು. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ಅನ್ನು ನೇರ ಕಾರ್ಡ್‌ನ ಬೆನ್ನಿಗೆ ಚುಚ್ಚಿ, ಹೊರಗಿನ ಮಾನಿಟರ್ ಬಳಸಿ. ಇನ್ನೊಂದು ಎನ್‌ಕ್ಲೋಶರ್‌ಗೆ ದುಡ್ಡು ಹಾಕುವ ಮೊದಲು ಮಾಡಬೇಕಾದ ಕೆಲಸ ಇದು.

8 ಜಿಬಿ ಕಾರ್ಡ್‌ಗೆ ಇನ್ನೊಂದು ಗುಂಡಿ ಉಂಟು. ಟೆಕ್ಸ್ಚರ್ ಜಾಸ್ತಿ ಇಟ್ಟು, ಮೇಲಿಂದ ರೇ ಟ್ರೇಸಿಂಗ್ ಹಾಕಿದರೆ ಕಾರ್ಡ್‌ನ ಮೆಮೊರಿ ತುಂಬಿ, ಉಳಿದದ್ದು ಲ್ಯಾಪ್‌ಟಾಪಿನ ರ‍್ಯಾಮ್‌ಗೆ ಸರಿಯುತ್ತದೆ. ಅದನ್ನು ಪ್ರತಿ ಸಲ ಆ ಸಣ್ಣ ದಾರಿಯಲ್ಲೇ ಎಳೆದು ತರಬೇಕು. ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಗೇಮ್‌ನಲ್ಲಿ ಕಾರು ಓಡಿಸಿಕೊಂಡು ಹೊಸ ಬೀದಿಗೆ ತಿರುಗಿದ ಕೂಡಲೇ ಪರದೆ ಕ್ಷಣ ನಿಂತು ಮುಂದೆ ಜಿಗಿಯುತ್ತದೆ. ಆಕ್ಯುಲಿಂಕ್‌ನಲ್ಲೂ ಇದು ಪೂರ್ತಿ ಹೋಗಲಿಲ್ಲ. ಟೆಕ್ಸ್ಚರ್ ಒಂದು ಹಂತ ಇಳಿಸಿದಾಗ ಎರಡರಲ್ಲೂ ಹೋಯಿತು.

ಹಾಗಾದ್ರೆ ಆಕ್ಯುಲಿಂಕ್‌ಗೆ ತೊಂದರೆಯೇ ಇಲ್ವಾ? ಇದೆ. ಪಿಸಿಐಇ 4.0 ಸಿಗ್ನಲ್ ಬಹಳ ಸೂಕ್ಷ್ಮ. 50 ಸೆಂಟಿಮೀಟರ್ ಕೇಬಲ್‌ನಲ್ಲಿ ಸುಮ್ನೆ ಓಡುತ್ತಿದ್ದದ್ದು ಒಂದು ಮೀಟರ್‌ನದ್ದು ಹಾಕಿದ ಕೂಡಲೇ ತಡವರಿಸಿತು. ವಿಂಡೋಸ್‌ನ Event Viewer ತೆರೆದು ನೋಡಿದರೆ `WHEA-Logger`, Event ID 17 ಸಾಲುಸಾಲಾಗಿ ಬಿದ್ದಿತ್ತು. ಡೇಟಾ ಕೆಟ್ಟು ಮತ್ತೆ ಕಳಿಸಬೇಕಾಗುತ್ತಿದೆ ಅಂತ ಅದರ ಅರ್ಥ. ಬಯೋಸ್‌ನಲ್ಲಿ ಆ ಸ್ಲಾಟನ್ನು 3.0ಗೆ ಇಳಿಸಿದರೆ ನಿಲ್ಲುತ್ತದೆ, ಆಗಲೂ ಥಂಡರ್‌ಬೋಲ್ಟ್‌ಗಿಂತ ಜಾಸ್ತಿಯೇ ಸಿಗುತ್ತದೆ. ಲಿಂಕ್ ಯಾವುದರಲ್ಲಿ ಓಡುತ್ತಿದೆ ಅಂತ ನೋಡಲು, ಗೇಮ್ ಓಡುತ್ತಿರುವಾಗಲೇ ಇದನ್ನು ಹಾಕಿ:

```
nvidia-smi --query-gpu=pcie.link.gen.current,pcie.link.width.current --format=csv
```

ಆಕ್ಯುಲಿಂಕ್‌ನಲ್ಲಿ 4, 4 ಬರಬೇಕು. ಸುಮ್ಮನೆ ಕೂತಿರುವಾಗ ನೋಡಿದರೆ 1 ತೋರಿಸಬಹುದು, ಕರೆಂಟ್ ಉಳಿಸಲು ಕಾರ್ಡ್ ತಾನೇ ಇಳಿದಿರುತ್ತದೆ, ಗಾಬರಿ ಬೇಡ. ಥಂಡರ್‌ಬೋಲ್ಟ್‌ನಲ್ಲಿ ಮಾತ್ರ ಈ ಸಂಖ್ಯೆ ನಂಬಬೇಡಿ, ಡೇಟಾ ಕಳಿಸಿಯೇ ಅಳೆಯಿರಿ.

ನಮ್ಮ ಊರಿಗೆ ಬಂದರೆ ಕರೆಂಟ್ ವಿಷಯ ಹೇಳಲೇಬೇಕು. ಗುಡುಗು ಮಳೆಯ ಸಂಜೆ ಕರೆಂಟ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿ ಬರುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಕಾರ್ಡ್‌ಗೆ ಇಲ್ಲ. ಥಂಡರ್‌ಬೋಲ್ಟ್‌ನಲ್ಲಿ ಹೀಗಾದಾಗ ಗೇಮ್ ಮುಚ್ಚಿಹೋಯಿತು ಅಷ್ಟೇ, ವಿಂಡೋಸ್ ಬದುಕಿತ್ತು. ಆಕ್ಯುಲಿಂಕ್‌ನಲ್ಲಿ ಇಡೀ ಲ್ಯಾಪ್‌ಟಾಪ್ ನಿಂತಲ್ಲೇ ನಿಂತಿತು, ಪವರ್ ಬಟನ್ ಒತ್ತಿ ಹಿಡಿಯಬೇಕಾಯಿತು. ಈಗ ಡಾಕ್ ಯುಪಿಎಸ್ ಮೇಲೆ ಇದೆ. ಈ ಕಾರ್ಡ್ 200 ವಾಟ್‌ನದ್ದು, ಆದ್ದರಿಂದ ಯುಪಿಎಸ್ ಕೊಳ್ಳುವಾಗ ವಿಎ ಅಲ್ಲ, ವಾಟ್ ನೋಡಿ. ತೆರೆದ ಬೋರ್ಡ್ ಆದ್ದರಿಂದ ಕಡಲ ಗಾಳಿಯ ತೇವ ಕೂಡ ನೇರ ಬಡಿಯುತ್ತದೆ, ಕಿಟಕಿಯ ಬದಿಯಲ್ಲಿ ಇಡಬೇಡಿ.

ಗೆಳೆಯನಿಗೆ ಇದನ್ನೆಲ್ಲ ತೋರಿಸಿದಾಗ, "ನಂಗೆ ದಿನಾ ಲ್ಯಾಪ್‌ಟಾಪ್ ಕ್ಲಾಸಿಗೆ ಕೊಂಡೋಗ್ಲಿಕ್ಕುಂಟು ಮಾರಾಯ, ನನ್ನ ಡಬ್ಬಿ ನಂಗೆ ವಾಪಸ್ ಕೊಡು" ಅಂದ. ಅವನು ಆಡುವುದು ಕಥೆ ಇರುವ ಗೇಮ್‌ಗಳು, 60 ಎಫ್‌ಪಿಎಸ್ ಸಾಕು. ಅವನಿಗೆ ಥಂಡರ್‌ಬೋಲ್ಟೇ ಸರಿ. ನನ್ನ ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದು ಅಪರೂಪ, ಆಡುವುದು ಶೂಟಿಂಗ್ ಗೇಮ್. ನಾನು ಆಕ್ಯುಲಿಂಕ್ ಇಟ್ಟುಕೊಂಡೆ.