ಎಂಆರ್‌ಪಿ ಒಳಗಿನ ಜಿಎಸ್‌ಟಿ: ಪೀಸ್ ಲೆಕ್ಕವೋ, ಸಾಲಿನ ಲೆಕ್ಕವೋ?

ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಆದರೆ ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ತೆರಿಗೆಗೆ ಮುಂಚಿನ ಬೆಲೆ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇರೆ ಬೇರೆ ಕಾಣಬೇಕು. ಹಾಗಾಗಿ ಹಿಂದಕ್ಕೆ ಲೆಕ್ಕ ಹಾಕಬೇಕಾಗುತ್ತದೆ. ಇದಕ್ಕೆ ಬಳಕೆಯಲ್ಲಿರುವ ದಾರಿಗಳನ್ನು ಒಂದೇ ಸಾಲಿನ ಮೇಲೆ ಪ್ರಯೋಗ ಮಾಡಿ ನೋಡಿದೆ: 10 ರೂ. ಎಂಆರ್‌ಪಿಯ 144 ಪೀಸ್, ತೆರಿಗೆ 18%, ಒಟ್ಟು 1,440 ರೂ.

ಮೊದಲು ಒಂದನ್ನು ಪಕ್ಕಕ್ಕಿಡೋಣ. 1,440ರ 18% ಅಂದರೆ 259.20, ಅದನ್ನು ಕಳೆದರೆ 1,180.80 ಅಂತ ಎಷ್ಟೋ ಜನ ಬರೆಯುತ್ತಾರೆ. ಇದು ತಪ್ಪು. 1,180.80ಕ್ಕೆ 18% ಹಾಕಿ ನೋಡಿ, 212.54 ಬರುತ್ತದೆ, 259.20 ಅಲ್ಲ. ತೆರಿಗೆ ಸೇರಿದ ಮೊತ್ತ 100 ಅಲ್ಲ, 118. ಸಿಜಿಎಸ್‌ಟಿ ನಿಯಮ 35 ಹೇಳುವುದೂ ಇದನ್ನೇ: ತೆರಿಗೆ ಸೇರಿದ ಮೊತ್ತವನ್ನು ದರದಿಂದ ಗುಣಿಸಿ, 100ಕ್ಕೆ ಎಲ್ಲ ತೆರಿಗೆಗಳ ದರವನ್ನೂ ಕೂಡಿಸಿ ಬಂದದ್ದರಿಂದ ಭಾಗಿಸಬೇಕು.

ನಿಜವಾದ ಪೈಪೋಟಿ ಇರುವುದು ಈ ಭಾಗಾಕಾರವನ್ನು ಎಲ್ಲಿ ಮಾಡಬೇಕು ಅನ್ನುವುದರಲ್ಲಿ.

ಪೀಸ್ ಲೆಕ್ಕದಲ್ಲಿ 10 ÷ 1.18 = 8.4745... ಇದನ್ನು ಎರಡು ದಶಮಾಂಶಕ್ಕೆ ಇಳಿಸಿ 8.47 ಅಂತ ರೇಟ್ ಕಾಲಂನಲ್ಲಿ ಹಾಕುತ್ತಾರೆ. 144ರಿಂದ ಗುಣಿಸಿದರೆ 1,219.68. ಅದರ ಮೇಲೆ ಸಿಜಿಎಸ್‌ಟಿ 109.77, ಎಸ್‌ಜಿಎಸ್‌ಟಿ 109.77. ಒಟ್ಟು 1,439.22. ಗಿರಾಕಿ ಕೊಟ್ಟದ್ದು 1,440. ಹಾಗಾದರೆ 78 ಪೈಸೆ ಎಲ್ಲಿ ಹೋಯಿತು? ಪ್ರತಿ ಪೀಸಲ್ಲೂ ಅರ್ಧ ಪೈಸೆಯಷ್ಟು ಬಿಟ್ಟುಬಿಟ್ಟಿದ್ದೇವೆ, ಅದು 144 ಸಲ ಸೇರಿಕೊಂಡಿದೆ. ಬೆಲೆ ಕಡಿಮೆ, ಪೀಸ್ ಜಾಸ್ತಿ ಇದ್ದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ. ರೇಟನ್ನು 8.4746 ಅಂತ ನಾಲ್ಕು ದಶಮಾಂಶಕ್ಕೆ ಇಟ್ಟರೆ ಮೊತ್ತ 1,220.34 ಆಗಿ ಸರಿಹೋಗುತ್ತದೆ. ರೇಟ್ ತೋರಿಸಲೇಬೇಕಾದ ಬಿಲ್ಲಿಗೆ ಇದು ಸಾಕು.

ಸಾಲಿನ ಲೆಕ್ಕದಲ್ಲಿ ಪೀಸಿನ ಗೋಜಿಗೇ ಹೋಗುವುದಿಲ್ಲ. ಸಾಲಿನ ಒಟ್ಟು ಮೊತ್ತ ತೆಗೆದುಕೊಂಡು, ಅದರಿಂದ ನೇರವಾಗಿ ಸಿಜಿಎಸ್‌ಟಿ ಕಂಡುಹಿಡಿಯುತ್ತೇನೆ: 1,440 × 9 ÷ 118 = 109.83. ಎಸ್‌ಜಿಎಸ್‌ಟಿಯೂ ಅಷ್ಟೇ. ಎರಡನ್ನೂ ಕಳೆದರೆ 1,220.34. ಒಟ್ಟು ಮೊತ್ತದಿಂದ ಕಳೆದು ಬಂದ ಸಂಖ್ಯೆಯಾದ್ದರಿಂದ ಕೂಡಿದಾಗ 1,440 ಬಂದೇ ಬರುತ್ತದೆ.

ಪೂರ್ತಿ 18% ತೆಗೆದು ಅರ್ಧ ಮಾಡಬಹುದಲ್ವಾ ಅಂದರೆ, ಅಲ್ಲೊಂದು ತೊಡಕಿದೆ. ಒಂದೇ ಪೀಸ್ ಮಾರಿದಾಗ ತೆರಿಗೆ 1.53 ಬರುತ್ತದೆ. ಒಂದೂವರೆ ರೂಪಾಯಿ ಮೂರು ಪೈಸೆಯನ್ನು ಸಮವಾಗಿ ಎರಡು ಭಾಗ ಮಾಡುವುದು ಹೇಗೆ? ಮೊದಲೇ 9ರ ಲೆಕ್ಕ ಹಾಕಿದರೆ 0.76, 0.76, ಉಳಿದದ್ದು 8.48. ಎಲ್ಲ ಸರಿ. ಬೇರೆ ರಾಜ್ಯಕ್ಕೆ ಹೋಗುವ ಬಿಲ್ಲಿನಲ್ಲಿ ಐಜಿಎಸ್‌ಟಿ ಒಂದೇ ಇರುವುದರಿಂದ ಈ ಕಷ್ಟ ಇಲ್ಲ, ನೇರವಾಗಿ 18 ÷ 118. ಸ್ಪ್ರೆಡ್‌ಶೀಟಿನಲ್ಲಿ ಸಾಲಿನ ಮೊತ್ತ A2ನಲ್ಲಿದ್ದರೆ, B2 ಮತ್ತು C2ನಲ್ಲಿ ಹೀಗೆ:

```
=ROUND(A2*9/118,2)
=ROUND(A2-2*B2,2)
```

5% ವಸ್ತುವಿಗೆ 2.5 ಮತ್ತು 105 ಹಾಕಿಕೊಳ್ಳಿ.

ಮೂರನೆಯದು, ಒಂದೇ ದರದ ಸಾಲುಗಳನ್ನೆಲ್ಲ ಕೂಡಿಸಿ ಕೊನೆಗೆ ಒಂದೇ ಸಲ ಭಾಗಿಸುವುದು. ಬೇಗ ಮುಗಿಯುತ್ತದೆ ನಿಜ. ಆದರೆ 10 ರೂ.ನ ಮೂರು ಸಾಲು ಇದ್ದರೆ ಸಾಲುಗಳ ತೆರಿಗೆ ಕೂಡಿದಾಗ 4.56, ಒಟ್ಟಿಗೆ ಮಾಡಿದಾಗ 4.58. ಸಾಲುಸಾಲಾಗಿ ತೆರಿಗೆ ಅಚ್ಚಾಗುವ ಬಿಲ್ಲಿನಲ್ಲಿ ಈ ಎರಡು ಪೈಸೆ ಕೂಡಿ ನೋಡುವವರ ಕಣ್ಣಿಗೆ ಬೀಳುತ್ತದೆ. ನನ್ನ ಆಯ್ಕೆ ಸಾಲಿನ ಲೆಕ್ಕವೇ.

ಯಾವ ದಾರಿ ಹಿಡಿದರೂ ರಿಯಾಯಿತಿ ಇದ್ದಾಗ ಎಂಆರ್‌ಪಿಯಿಂದ ಶುರು ಮಾಡಬೇಡಿ, ಗಿರಾಕಿ ನಿಜವಾಗಿ ಕೊಡುವ ಮೊತ್ತದಿಂದ ಮಾಡಿ. 10% ರಿಯಾಯಿತಿಯಾದರೆ ಮೊದಲು ಕಳೆದರೂ ಆಮೇಲೆ ಕಳೆದರೂ ಪೈಸೆಯಷ್ಟೇ ಹೆಚ್ಚುಕಮ್ಮಿ. ಆದರೆ '144 ರೂ. ಕಡಿತ' ಅಂತ ರೂಪಾಯಿಯಲ್ಲಿ ಕೊಟ್ಟಾಗ ಕತೆ ಬೇರೆ. ಅದನ್ನು 1,220.34ರಿಂದ ಕಳೆದರೆ 1,076.34, ತೆರಿಗೆ ಸೇರಿ 1,270.08. ಅಂದರೆ ಗಿರಾಕಿಗೆ 144ರ ಬದಲು 169.92 ಬಿಟ್ಟಂತಾಯಿತು. 1,440ರಿಂದಲೇ ಕಳೆದು 1,296 ಮಾಡಿಕೊಂಡು ಹಿಂದಕ್ಕೆ ಹೋದರೆ ತೆರಿಗೆ 98.85ರಂತೆ ಎರಡು, ಬೆಲೆ 1,098.30. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ರಿಯಾಯಿತಿ ಕಾಲಂ ತೆರಿಗೆಗೆ ಮುಂಚಿನ ಬೆಲೆಗೆ ತಾಗುತ್ತದೋ, ತೆರಿಗೆ ಸೇರಿದ ಬೆಲೆಗೆ ತಾಗುತ್ತದೋ ಅಂತ ಇಂಥದ್ದೇ ಒಂದು ಸಾಲು ಹಾಕಿ ನೋಡಿಕೊಳ್ಳಿ. 1,296 ಬಂದರೆ ಮುಂದುವರಿಯಿರಿ, 1,270 ಬಂದರೆ ಸೆಟ್ಟಿಂಗ್ ಬದಲಿಸಿ.