‘ಕೌಂಟ್ ಮ್ಯಾಚ್ ಆಗಿದೆ ಸರ್’ ಅಂದರೆ ನಂಬಬೇಡಿ: ನನ್ನ 624 ರೆಕಾರ್ಡ್ ಹೋಗಿದ್ದು ಹೀಗೆ

ರಿಪೋರ್ಟಿಂಗ್ ಡೇಟಾಬೇಸ್ ಕೆಲಸವನ್ನು ಹೊರಗಿನ ತಂಡಕ್ಕೆ ಕೊಟ್ಟಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ನಾನು ಸಹಿ ಹಾಕಿ ಒಪ್ಪಿಕೊಂಡ ಕೆಲಸ ಇದು. ಅದಕ್ಕೇ ಸಿಟ್ಟು ಜಾಸ್ತಿ, ನಾಚಿಕೆ ಇನ್ನೂ ಜಾಸ್ತಿ.

ವ್ಯವಸ್ಥೆ ಎಲ್ಲರ ಕಡೆ ಇರುವಂಥದ್ದೇ. ಬಿಲ್‌ಗಳು ಹುಟ್ಟುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ರಿಪೋರ್ಟ್‌ಗಳಿಗೆ ಅಂತ ಬೇರೆ ಕಡೆ ಒಂದು ಕಾಪಿ. ಹಳೆಯದನ್ನೆಲ್ಲ ಒಂದೇ ಸಲ ತಂದು ಹಾಕಿದರು. ಆಮೇಲೆ 15 ನಿಮಿಷಕ್ಕೊಮ್ಮೆ ಒಂದು ಜಾಬ್ ಓಡಿ, ಹೊಸದಾಗಿ ಬಂದ ಮತ್ತು ಬದಲಾದ ರೆಕಾರ್ಡ್‌ಗಳನ್ನು ಮಾತ್ರ ಎತ್ತಿಕೊಂಡು ಬರುತ್ತದೆ. ದಿನಾ ಬೆಳಗ್ಗೆ ನನಗೊಂದು ಮೇಲ್ ಬರುತ್ತಿತ್ತು. ಹಸಿರು ಬಣ್ಣದಲ್ಲಿ, ‘ರಿಕನ್ಸಿಲಿಯೇಷನ್ ಓಕೆ’ ಅಂತ. ಆ ಹಸಿರು ನೋಡಿ ನೋಡಿ ನಾನು ಬೇರೆ ಏನನ್ನೂ ನೋಡಲಿಲ್ಲ.

ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಅಕೌಂಟ್ಸ್‌ನ ಮೇಡಂ ಎದ್ದು ಕೇಳಿದರು: "ಸರ್, ಈ ಹೊಂದಾಣಿಕೆ ಎಂಟ್ರಿ ನನ್ನ ಲೆಡ್ಜರ್‌ನಲ್ಲಿ ಇದೆ. ನಿಮ್ಮ ರಿಪೋರ್ಟ್‌ನಲ್ಲಿ ಯಾಕಿಲ್ಲ?" ನಾನು ಎಲ್ಲರ ಮುಂದೆ ಹೇಳಿದೆ, "ಕೌಂಟ್ ಮ್ಯಾಚ್ ಆಗಿದೆ ಮೇಡಂ, ನಿಮ್ಮ ಫಿಲ್ಟರ್ ಇನ್ನೊಂದು ಸಲ ನೋಡಿ." ಅವರು ಮಾತಾಡದೆ ಬಿಲ್ ನಂಬರ್ ಬರೆದ ಚೀಟಿ ನನ್ನ ಮುಂದಿಟ್ಟರು. ಅಲ್ಲೇ ಕೂತು ಹುಡುಕಿದೆ. ಮೂಲದಲ್ಲಿ ಇತ್ತು. ಕಾಪಿಯಲ್ಲಿ ಇರಲಿಲ್ಲ. ತಪ್ಪೇ ಮಾಡದ ಒಬ್ಬರ ಮೇಲೆ ತಪ್ಪು ಹೊರಿಸಿದ್ದೆ.

ತಂಡಕ್ಕೆ ಫೋನ್ ಮಾಡಿದೆ. ಮೊದಲ ಉತ್ತರ: "ಸರ್, ಅದು ಟೈಮಿಂಗ್ ವ್ಯತ್ಯಾಸ. ಸ್ವಲ್ಪ ಹೊತ್ತಲ್ಲಿ ಬರುತ್ತೆ." ಆ ಎಂಟ್ರಿಗೆ ಆಗಲೇ ಒಂಬತ್ತು ದಿನ ಆಗಿತ್ತು. ಹಾಗಾದರೆ ಎರಡೂ ಕಡೆಯ ಒಟ್ಟು ಕೌಂಟ್ ತೆಗೆದು ಕೊಡಿ ಅಂದೆ. ಕೊಟ್ಟರು. ಮೂಲದಲ್ಲಿ 18,42,610, ಕಾಪಿಯಲ್ಲಿ 18,42,598. "ಬರೀ 12 ಸರ್. ನಮ್ಮ ಟಾಲರೆನ್ಸ್ 0.1%. ಅದರ ಹತ್ತಿರಕ್ಕೂ ಬಂದಿಲ್ಲ."

ಈ ಟಾಲರೆನ್ಸ್ ಅನ್ನೋದನ್ನು ಒಂದು ಸಲ ಲೆಕ್ಕ ಹಾಕಿ ನೋಡಿ. 18 ಲಕ್ಷದ ಮೇಲೆ 0.1% ಅಂದರೆ 1,842 ರೆಕಾರ್ಡ್. ಅಷ್ಟು ಬಿಲ್ ಹೋದರೂ ಮೇಲ್ ಹಸಿರಾಗಿಯೇ ಬರುತ್ತದೆ. ಟೇಬಲ್ ಬೆಳೆದಷ್ಟೂ ಕಳೆದುಕೊಳ್ಳುವ ಅವಕಾಶವೂ ಬೆಳೆಯುತ್ತದೆ. ಬಿಲ್ ಟೇಬಲ್‌ಗೆ ಇಂಥದ್ದೊಂದು ಇಟ್ಟಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೇಳಬೇಕಿತ್ತು. ಕೇಳಲಿಲ್ಲ.

12 ಅನ್ನೋ ಸಂಖ್ಯೆಯನ್ನು ನಂಬಿ ಸುಮ್ನೆ ಇದ್ದುಬಿಡುವವನಿದ್ದೆ. ಆದರೆ ಮೇಡಂ ಅಷ್ಟರಲ್ಲಿ ಇನ್ನೂ ನಲವತ್ತು ನಂಬರ್ ಕಳಿಸಿದ್ದರು. ಒಟ್ಟು ವ್ಯತ್ಯಾಸವೇ 12 ಆದರೆ 40 ಹೇಗೆ ಕಾಣೆಯಾಗುತ್ತವೆ? ಆ ರಾತ್ರಿ ನಾನೇ ಕೂತೆ. ಎರಡೂ ಕಡೆ ಇದೇ ಒಂದು ಕ್ವೆರಿ ಓಡಿಸಿದೆ:

```sql
SELECT created_at::date AS d,
       COUNT(*), COUNT(DISTINCT bill_id), SUM(amount)
FROM bills
WHERE created_at < '2025-03-01'
GROUP BY 1 ORDER BY 1;
```

ಕೊನೆಯ ದಿನಾಂಕ ಎರಡೂ ಕಡೆ ಒಂದೇ ಇರಬೇಕು, ಮತ್ತು ಅದು ಪೂರ್ತಿ ಮುಗಿದ ದಿನ ಆಗಿರಬೇಕು. ಇಲ್ಲದಿದ್ದರೆ ‘ಟೈಮಿಂಗ್’ ಅನ್ನೋ ನೆಪಕ್ಕೆ ಜಾಗ ಸಿಗುತ್ತದೆ. ಮೊದಲ ಸಲ ನನಗೆ ಪ್ರತಿ ದಿನವೂ ವ್ಯತ್ಯಾಸ ಬಂತು, ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ಒಂದು ಕಡೆ ಸೆಷನ್ ಟೈಮ್‌ಝೋನ್ ಯುಟಿಸಿ, ಇನ್ನೊಂದು ಕಡೆ ಬೇರೆ. ಮಧ್ಯರಾತ್ರಿ ಆಸುಪಾಸಿನ ಬಿಲ್‌ಗಳು ಪಕ್ಕದ ದಿನಕ್ಕೆ ಹೋಗಿ ಕೂತಿದ್ದವು. ಎರಡನ್ನೂ ಒಂದೇ ಟೈಮ್‌ಝೋನ್‌ಗೆ ತಂದು ಮತ್ತೆ ಓಡಿಸಿದೆ.

ಈಗ ನಾಲ್ಕು ದಿನ ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು. ಮೂರು ದಿನಗಳಲ್ಲಿ ಕಾಪಿಯಲ್ಲಿ ಕಡಿಮೆ: 231, 187, 206. ಒಂದು ದಿನ ಕಾಪಿಯಲ್ಲಿ ಜಾಸ್ತಿ. ಆ ದಿನ ಕಾಪಿಯ `COUNT(*)` 6,204, `COUNT(DISTINCT bill_id)` ಮಾತ್ರ 5,592. ಅಂದರೆ 612 ಡುಪ್ಲಿಕೇಟ್. ಹೋದದ್ದು 624, ಎರಡೆರಡು ಸಲ ಬಂದದ್ದು 612. ಒಂದರಲ್ಲಿ ಇನ್ನೊಂದು ಕಳೆದರೆ 12. ನನಗೆ ‘ಬರೀ 12’ ಅಂತ ಹೇಳಿದ್ದು ಇದನ್ನೇ! ಕಳೆದುಹೋದ ಬಿಲ್‌ಗಳ ಗುಂಡಿಯನ್ನು ಡುಪ್ಲಿಕೇಟ್‌ಗಳು ಮುಚ್ಚಿದ್ದವು. ಒಟ್ಟು ಕೌಂಟ್ ನೋಡಿದರೆ ಇದು ಜನ್ಮದಲ್ಲಿ ಕಾಣುವುದಿಲ್ಲ.

ಡುಪ್ಲಿಕೇಟ್ ಕಥೆ ಚಿಕ್ಕದು. ಆ ದಿನ ಜಾಬ್ ಸುಮಾರು ಮೂರು ಗಂಟೆ ನಿಂತಿತ್ತು. ಮತ್ತೆ ಶುರುವಾದಾಗ ನಿಧಾನ ಅನ್ನಿಸಿ ಅವರಲ್ಲೊಬ್ಬರು ಕೈಯಿಂದ ಇನ್ನೊಂದು ಸಲ ಓಡಿಸಿದ್ದಾರೆ. ಜಾಬ್ ಮೊದಲು ಅದೇ ನಂಬರಿನ ಹಳೆಯ ರೆಕಾರ್ಡ್ ಅಳಿಸಿ, ಆಮೇಲೆ ಹೊಸದು ಹಾಕುತ್ತದೆ. ಎರಡೂ ಅಳಿಸುವ ಹಂತ ಮುಗಿಸಿಕೊಂಡು ಒಂದರ ಹಿಂದೊಂದು ಹಾಕಿವೆ. "ಪ್ರೈಮರಿ ಕೀ ಇದೆಯಲ್ಲ ಸರ್, ಡುಪ್ಲಿಕೇಟ್ ಬರೋಕೆ ಸಾಧ್ಯವೇ ಇಲ್ಲ" ಅಂತ ವಾದ ಮಾಡಿದರು. ಇಂಥ ರಿಪೋರ್ಟ್ ಕಾಪಿಗೆ ಬಳಸುವ ರೆಡ್‌ಶಿಫ್ಟ್, ಬಿಗ್‌ಕ್ವೆರಿ, ಸ್ನೋಫ್ಲೇಕ್ ಡೇಟಾಬೇಸ್‌ಗಳ ಸಾಮಾನ್ಯ ಟೇಬಲ್‌ಗಳಲ್ಲಿ ಪ್ರೈಮರಿ ಕೀ ಬರೆದಿಟ್ಟರೂ ಅದು ಡುಪ್ಲಿಕೇಟ್ ತಡೆಯುವುದಿಲ್ಲ. ಇದು ಈ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕಾದ ವಿಷಯ ಅಲ್ವಾ?

ಕಳೆದುಹೋದವುಗಳ ವಿಷಯಕ್ಕೆ ಬರುತ್ತೇನೆ. ಕೌಂಟ್ ಬರೀ ದಿನ ತೋರಿಸುತ್ತದೆ, ಯಾವ ಬಿಲ್ ಅಂತ ಹೇಳುವುದಿಲ್ಲ. 231 ಕಡಿಮೆ ಇದ್ದ ದಿನದ ಬಿಲ್ ನಂಬರ್‌ಗಳನ್ನು, ಅವು ಕೊನೆಯ ಸಲ ಬದಲಾದ ಸಮಯ ಇರುವ `updated_at` ಸಮೇತ ಮೂಲದಿಂದ ತೆಗೆದು, ಕಾಪಿಯ ಪಕ್ಕದಲ್ಲಿ `src_ids` ಅನ್ನೋ ತಾತ್ಕಾಲಿಕ ಟೇಬಲ್‌ಗೆ ಹಾಕಿದೆ.

```sql
SELECT s.bill_id, s.updated_at
FROM src_ids s
LEFT JOIN bills b ON b.bill_id = s.bill_id
WHERE b.bill_id IS NULL;
```

ಪರದೆ ಮೇಲೆ 231 ಸಾಲು ಬಂದವು. ಬಿಲ್ ನಂಬರ್ ಬೇರೆ ಬೇರೆ. ಆದರೆ ಪಕ್ಕದ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಸಮಯ: `23:52:07.418305`. ಮೈಕ್ರೋಸೆಕೆಂಡ್ ಸಹ ವ್ಯತ್ಯಾಸ ಇಲ್ಲ. ನಾನು ಸ್ಕ್ರೋಲ್ ಮಾಡುತ್ತಲೇ ಇದ್ದೆ, ಅದೇ, ಅದೇ, ಅದೇ.

ರಾತ್ರಿ 11:52ಕ್ಕೆ ನಮ್ಮಲ್ಲಿ ಹೊಂದಾಣಿಕೆ ಎಂಟ್ರಿಗಳ ಬ್ಯಾಚ್ ಶುರುವಾಗುತ್ತದೆ. ಎಲ್ಲವೂ ಒಂದೇ ಟ್ರಾನ್ಸಾಕ್ಷನ್. `updated_at` ತುಂಬುವುದು `now()`. ಪೋಸ್ಟ್‌ಗ್ರೆಸ್‌ನಲ್ಲಿ `now()` ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಸಮಯ, ಸಾಲು ಬರೆದ ಸಮಯವೂ ಅಲ್ಲ, ಕಮಿಟ್ ಆದ ಸಮಯವೂ ಅಲ್ಲ. ಆ ರಾತ್ರಿ ಬ್ಯಾಚ್ ಕಮಿಟ್ ಆದದ್ದು 12:09ಕ್ಕೆ. ನಡುವೆ 12:00ಕ್ಕೆ ಜಾಬ್ ಓಡಿದೆ. ಕಮಿಟ್ ಆಗದ ಸಾಲುಗಳು ಅದಕ್ಕೆ ಕಾಣಲಿಲ್ಲ. ಅದು ಕಂಡದ್ದರಲ್ಲಿ ಕೊನೆಯದು 11:59:58ರ ಬಿಲ್. ‘ಇಲ್ಲಿಯವರೆಗೆ ತಂದಾಯಿತು’ ಅಂತ ಅದೇ ಸಮಯ ಬರೆದಿಟ್ಟುಕೊಂಡಿತು. 12:15ಕ್ಕೆ ಮತ್ತೆ ಬಂದು 11:59:58ರ ನಂತರದ್ದು ಕೊಡು ಅಂದಿತು. ಬ್ಯಾಚ್‌ನ ಸಾಲುಗಳ ಮೇಲೆ ಇದ್ದದ್ದು 11:52. ಅವು ಶಾಶ್ವತವಾಗಿ ಹಿಂದೆ ಉಳಿದವು. ಮುಂದೆ ಯಾವ ಜಾಬೂ ಅವನ್ನು ಕೇಳುವುದಿಲ್ಲ.

ಬ್ಯಾಚ್ ಐದು ನಿಮಿಷದಲ್ಲಿ ಮುಗಿದ ರಾತ್ರಿ ಏನೂ ಆಗುವುದಿಲ್ಲ. 12 ಗಂಟೆ ದಾಟಿದ ರಾತ್ರಿ ಮಾತ್ರ ಹೋಗುತ್ತದೆ. ಬ್ಯಾಚ್‌ನ ಲಾಗ್ ತೆಗೆದು ನೋಡಿದರೆ ದಾಟಿದ್ದು ನಾಲ್ಕು ರಾತ್ರಿ. ಕಡಿಮೆ ಇದ್ದದ್ದು ಮೂರು ದಿನ. ನಾಲ್ಕನೆಯದರ ಎಂಟ್ರಿಗಳನ್ನು ಮರುದಿನ ಯಾರೋ ತಿದ್ದಿದ್ದರು. ತಿದ್ದಿದಾಗ `updated_at` ಹೊಸದಾಗಿ, ಜಾಬ್ ಅವನ್ನು ಎತ್ತಿಕೊಂಡು ಬಂದಿತ್ತು. ಇದೇ ನನ್ನನ್ನು ಹೆಚ್ಚು ದಿನ ಮೋಸ ಮಾಡಿದ್ದು. ಹಿಂದೊಮ್ಮೆ ನಾನು ಕೇಳಿದ ಕೆಲವು ಬಿಲ್ ಮಾರನೇ ದಿನ ತಾವಾಗಿಯೇ ಬಂದಿದ್ದವು. "ನೋಡಿ ಸರ್, ಬಂತಲ್ಲ, ಟೈಮಿಂಗ್ ಅಂತ ಹೇಳಿದ್ವಲ್ಲ" ಅಂದಿದ್ದರು. ನಾನು ಸಾರಿ ಕೇಳಿದ್ದೆ. ಹೌದು, ನಾನೇ ಸಾರಿ ಕೇಳಿದ್ದೆ.

ಇನ್ನು ಆ ಹಸಿರು ಮೇಲ್. ದಿನಾ ಮ್ಯಾಚ್ ಅಂತ ತೋರಿಸುತ್ತಿತ್ತಲ್ಲ, ಏನನ್ನು ಯಾವುದಕ್ಕೆ ಹೋಲಿಸುತ್ತೀರಿ ಅಂತ ಕೇಳಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ: "ಜಾಬ್ ಓದಿದ ರೆಕಾರ್ಡ್ ಎಷ್ಟು, ಜಾಬ್ ಬರೆದ ರೆಕಾರ್ಡ್ ಎಷ್ಟು, ಅದನ್ನು ಸರ್." ಕಾಣದ ಸಾಲನ್ನು ಜಾಬ್ ಓದಿಲ್ಲ, ಓದದ್ದನ್ನು ಬರೆದೂ ಇಲ್ಲ. ಎರಡೂ ಸದಾ ಸಮ. ಮೂಲದ ಟೇಬಲ್ ಕಡೆ ಆ ಮೇಲ್ ಒಂದು ದಿನವೂ ತಿರುಗಿ ನೋಡಿರಲಿಲ್ಲ. ಇಷ್ಟು ತಿಂಗಳು ನಾನು ಓದಿದ್ದು ಜಾಬ್ ತನಗೆ ತಾನೇ ಕೊಟ್ಟುಕೊಂಡ ಸರ್ಟಿಫಿಕೇಟ್. ಇದನ್ನು ರಿಕನ್ಸಿಲಿಯೇಷನ್ ಅಂತ ಕರೆದು ಬಿಲ್ ಮಾಡಿದ್ದಾರೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಿಮಗೆ ಹೇಳುವುದು ಇಷ್ಟೇ. ಕೆಲಸ ಒಪ್ಪಿಕೊಳ್ಳುವ ಮೊದಲು ಕೌಂಟ್ ಎಲ್ಲಿಂದ ಬರುತ್ತದೆ ಅಂತ ಕ್ವೆರಿ ಸಮೇತ ತೋರಿಸಲು ಹೇಳಿ. ಒಟ್ಟು ಕೌಂಟ್ ಬೇಡ, ದಿನದ ಲೆಕ್ಕದಲ್ಲಿ ಮೇಲಿನ ಮೂರೂ ಕಾಲಂ ಬೇಕು. ಶೇಕಡಾ ಟಾಲರೆನ್ಸ್ ಒಪ್ಪಬೇಡಿ. ಮುಗಿದ ದಿನಕ್ಕೆ ವ್ಯತ್ಯಾಸ ಸೊನ್ನೆ ಇರಬೇಕು. ನಮ್ಮಲ್ಲಿ ಬಿಲ್ ಅಳಿಸುವುದಿಲ್ಲ, ರದ್ದು ಅಂತ ಗುರುತು ಹಾಕುತ್ತೇವೆ. ನಿಮ್ಮಲ್ಲಿ ಮೂಲದಿಂದ ಸಾಲು ಅಳಿಸುವ ಪದ್ಧತಿ ಇದ್ದರೆ ಅವು ಕಾಪಿಯಲ್ಲಿ ಉಳಿದುಕೊಂಡು ಇದೇ ಥರ ಗುಂಡಿ ಮುಚ್ಚುತ್ತವೆ. ಅದಕ್ಕೆ ಅದೇ ಜಾಯಿನ್ ಅನ್ನು ತಿರುಗಿಸಿ, ಕಾಪಿಯಲ್ಲಿದ್ದು ಮೂಲದಲ್ಲಿ ಇಲ್ಲದ ನಂಬರ್‌ಗಳನ್ನೂ ತೆಗೆಯಿರಿ.

ಈಗ ನಮ್ಮ ಜಾಬ್ ಪ್ರತಿ ಸಲ ಎರಡು ಗಂಟೆ ಹಿಂದಿನಿಂದ ಎತ್ತುತ್ತದೆ, ಬಿಲ್ ನಂಬರ್ ಮೇಲೆ ಮರ್ಜ್ ಆಗುತ್ತದೆ, ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗುವುದಿಲ್ಲ. ಎರಡು ಗಂಟೆಗಿಂತ ಉದ್ದದ ಟ್ರಾನ್ಸಾಕ್ಷನ್ ಬಂದರೆ ಇದೂ ಸಾಲುವುದಿಲ್ಲ, ಅದಕ್ಕೇ ದಿನದ ಕೌಂಟ್ ಕ್ವೆರಿ ಈಗ ನನ್ನ ಕೈಯಲ್ಲಿದೆ, ಅವರ ಕೈಯಲ್ಲಿಲ್ಲ. 624 ಬಿಲ್‌ಗಳನ್ನು ನಾನೇ ತುಂಬಿಸಿದೆ. ಮೇಡಂ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ತಂಡದಿಂದ ಬಂದ ಕೊನೆಯ ಮೇಲ್‌ನಲ್ಲಿ ಇದ್ದದ್ದು: "ಮೂಲ ಟೇಬಲ್ ಜೊತೆ ಹೋಲಿಕೆ ಮಾಡುವುದು ಒಪ್ಪಂದದಲ್ಲಿ ಇರಲಿಲ್ಲ. ಬೇಕಿದ್ದರೆ ಬೇರೆ ಎಸ್ಟಿಮೇಟ್ ಕಳಿಸುತ್ತೇವೆ." ನಾನು ಉತ್ತರ ಬರೆದಿಲ್ಲ.