ಒಂದು ದೊಡ್ಡ ರೌಟರಾ, ಕೋಣೆಗೊಂದು ಆಕ್ಸೆಸ್ ಪಾಯಿಂಟಾ?

ಬದಿಯಡ್ಕದ ಒಂದು ಪಿ.ಎಸ್.ಸಿ. ಕೋಚಿಂಗ್ ಸೆಂಟರಿನ ವೈಫೈ ನೋಡಿಕೊಳ್ಳುವುದು ನನ್ನ ಕೆಲಸ. ಹಳೆ ಕಟ್ಟಡದ ಮೇಲಿನ ಮಹಡಿ, ಸಾಲಾಗಿ ಮೂರು ಕೋಣೆ, ನಡುವೆ ಕೆಂಪುಕಲ್ಲಿನ ದಪ್ಪ ಗೋಡೆ. ಕನ್ನಡ, ಮಲಯಾಳ ಬ್ಯಾಚುಗಳು ಒಟ್ಟಿಗೆ ನಡೆಯುವಾಗ ಕೋಣೆಗೆ ಇಪ್ಪತ್ತರಂತೆ ಅರವತ್ತು ಮೊಬೈಲು ಇರುತ್ತವೆ. ಲೈನು 100 ಎಂಬಿಪಿಎಸ್ ಫೈಬರ್. ಅಣಕು ಪರೀಕ್ಷೆಯ ದಿನ ಅರವತ್ತು ಮಂದಿಯೂ ಒಂದೇ ನಿಮಿಷದಲ್ಲಿ ಲಿಂಕ್ ಒತ್ತುತ್ತಾರೆ. ಆ ಒಂದು ನಿಮಿಷ ತಡೆಯುವ ವ್ಯವಸ್ಥೆ ಯಾವುದು ಅಂತ ಮೂರು ರೀತಿಯಲ್ಲಿ ಮಾಡಿ ನೋಡಿದೆವು.

ಮೊದಲನೆಯದು, ನಡುವಿನ ಕೋಣೆಯಲ್ಲಿ ನಾಲ್ಕು ಆಂಟೆನಾದ ಒಂದೇ ದೊಡ್ಡ ರೌಟರ್, ಪವರ್ ಪೂರ್ತಿ. ಇದರಲ್ಲಿ ಕಾಣುವ ತೊಂದರೆ ವಿಚಿತ್ರ. ಮೂರನೇ ಕೋಣೆಯ ಮೂಲೆಯಲ್ಲಿ ಕೂತ ಹುಡುಗಿಯ ಮೊಬೈಲಿನಲ್ಲಿ ಮೂರು ಕಡ್ಡಿ ಸಿಗ್ನಲ್ ಇದೆ, ಪುಟ ಮಾತ್ರ ತೆರೆಯುವುದಿಲ್ಲ. ಕಾರಣ ಇಷ್ಟೇ: ವೇದಿಕೆಯಲ್ಲಿ ಮೈಕು ಹಿಡಿದವರ ಮಾತು ಹಿಂದಿನ ಸಾಲಿಗೂ ಕೇಳುತ್ತದೆ, ಹಿಂದಿನ ಸಾಲಿನವರು ಕೂತಲ್ಲಿಂದ ಹೇಳಿದ್ದು ವೇದಿಕೆಗೆ ಕೇಳಲ್ಲ. ರೌಟರಿನ ಪವರ್ ಏರಿಸಿದರೆ ಮೊಬೈಲಿನ ಪವರ್ ಏರುವುದಿಲ್ಲ ಅಲ್ವಾ? ಮೊಬೈಲಿನ ಉತ್ತರ ಗೋಡೆ ದಾಟುವಷ್ಟರಲ್ಲಿ ಸೋತಿರುತ್ತದೆ.

ಪೆಟ್ಟು ಆ ಹುಡುಗಿಗೆ ಮಾತ್ರ ಬೀಳುವುದೂ ಅಲ್ಲ. ಒಂದು ಚಾನಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತಾಡಿದರೆ ಮಾತ್ರ ಕೆಲಸ ನಡೆಯುತ್ತದೆ. ಹತ್ತಿರದ ಮೊಬೈಲು 200 ಎಂಬಿಪಿಎಸ್ ವೇಗದಲ್ಲಿ ಕ್ಷಣದಲ್ಲಿ ಮುಗಿಸುವ ಕೆಲಸಕ್ಕೆ, ಗೋಡೆಯಾಚೆ 6 ಎಂಬಿಪಿಎಸ್‌ಗೆ ಇಳಿದ ಮೊಬೈಲು ಮೂವತ್ತು ಪಟ್ಟು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಉಳಿದವರೆಲ್ಲ ಕಾಯಬೇಕು. ಲೈನು 300ಕ್ಕೆ ಏರಿಸಿದರೂ ಇದು ಸರಿಹೋಗುವುದಿಲ್ಲ, ದುಡ್ಡು ಸುಮ್ನೆ ಹೋಗುತ್ತದೆ. ಲೈನಿನ ತೊಂದರೆಯೋ ಗಾಳಿಯ ತೊಂದರೆಯೋ ಅಂತ ತಿಳಿಯಲು ತರಗತಿಯಲ್ಲಿ ಕೂತು ಲ್ಯಾಪ್‌ಟಾಪಿನಿಂದ ಮೊದಲು ರೌಟರನ್ನು, ಆಮೇಲೆ ಹೊರಗಿನ ಒಂದು ಸರ್ವರನ್ನು ಪಿಂಗ್ ಮಾಡಿ.

```
ping 192.168.10.1
ping 8.8.8.8
```

ಮೊದಲನೆಯದೇ ನೂರಾರು ಮಿಲಿಸೆಕೆಂಡಿಗೆ ಹಾರುತ್ತಿದ್ದರೆ ತೊಂದರೆ ವೈಫೈಯಲ್ಲಿ. ಅದು ಶಾಂತವಾಗಿದ್ದು ಎರಡನೆಯದು ಮಾತ್ರ ಹಾರಿದರೆ ಲೈನು ತುಂಬಿದೆ, ಇಲ್ಲವೇ ಆಚೆ ಕಡೆ ಏನೋ ಆಗಿದೆ. ನಮ್ಮಲ್ಲಿ ಪರೀಕ್ಷೆಯ ಹೊತ್ತಿಗೆ ಹಾರಿದ್ದು ಮೊದಲನೆಯದು.

ಎರಡನೆಯದು ಮೆಶ್, ಅಂದರೆ ಕೋಣೆಗೊಂದು ಪೆಟ್ಟಿಗೆ ಇಟ್ಟು, ಅವು ತಮ್ಮೊಳಗೆ ಗಾಳಿಯಲ್ಲೇ ಮಾತಾಡಿಕೊಳ್ಳುವುದು. ವಯರ್ ಎಳೆಯುವ ಕೆಲಸ ಇಲ್ಲ ಅಂತ ಮಾಷ್ಟ್ರಿಗೆ ಇದೇ ಇಷ್ಟ ಆಗಿತ್ತು. ಮನೆಗೆ ಇದು ಸಾಕು. ತರಗತಿಗೆ ಸಾಲದು. ಮೂರನೇ ಕೋಣೆಯ ಪೆಟ್ಟಿಗೆ ಮಕ್ಕಳ ಮೊಬೈಲಿನ ಜತೆ ಮಾತಾಡುವುದೂ, ಮುಖ್ಯ ಪೆಟ್ಟಿಗೆಯ ಜತೆ ಮಾತಾಡುವುದೂ ಒಂದೇ ಚಾನಲ್‌ನಲ್ಲಿ. ಪ್ರತಿ ಮಾಹಿತಿಯೂ ಗಾಳಿಯಲ್ಲಿ ಎರಡು ಸಲ ಹೋಗುವುದರಿಂದ ವೇಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಅದೂ ಅದೇ ಕೆಂಪುಕಲ್ಲಿನ ಗೋಡೆ ದಾಟಿ. ಐದಾರು ಮಂದಿ ಇದ್ದಾಗ ಚೆನ್ನಾಗಿ ಓಡಿದ್ದು, ಬ್ಯಾಚು ತುಂಬಿದ ಕೂಡಲೇ ನಿಂತಿತು.

ಮೂರನೆಯದು ಕೋಣೆಗೊಂದು ಸಣ್ಣ ಆಕ್ಸೆಸ್ ಪಾಯಿಂಟ್, ಸೀಲಿಂಗಿನಲ್ಲಿ, ಪ್ರತಿಯೊಂದಕ್ಕೂ ಸ್ವಿಚ್ಚಿನಿಂದ ಪ್ರತ್ಯೇಕ ಕೇಬಲ್. ನಾವು ಉಳಿಸಿಕೊಂಡದ್ದು ಇದನ್ನೇ. ಒಂದು ರೌಟರಿಗೆ ಶತ್ರುವಾಗಿದ್ದ ಗೋಡೆಯೇ ಇಲ್ಲಿ ಉಪಕಾರ ಮಾಡುತ್ತದೆ. 5 ಗಿಗಾಹರ್ಟ್ಸ್ ಸಿಗ್ನಲ್ ಆ ಗೋಡೆಯನ್ನು ಕಷ್ಟಪಟ್ಟು ದಾಟುತ್ತದೆ. ಹಾಗಾಗಿ ಪವರ್ ತಗ್ಗಿಸಿಟ್ಟರೆ ಒಂದು ಕೋಣೆಯ ಗದ್ದಲ ಇನ್ನೊಂದಕ್ಕೆ ಹೆಚ್ಚು ಹೋಗುವುದಿಲ್ಲ, ಇಪ್ಪತ್ತು ಮಂದಿಗೆ ಒಂದು ಪೂರ್ತಿ ಚಾನಲ್ ಸಿಗುತ್ತದೆ. ಪವರ್ ತಗ್ಗಿಸದಿದ್ದರೆ ಮಾತ್ರ ಕೆಡುತ್ತದೆ: ಒಂದನೇ ಕೋಣೆಯಿಂದ ಮೂರನೆಯದಕ್ಕೆ ನಡೆದು ಬಂದವನ ಮೊಬೈಲು ಹಳೆಯದನ್ನೇ ಹಿಡಿದುಕೊಂಡು ಕೂರುತ್ತದೆ.

ಚಾನಲ್ ನಾವೇ ಕೈಯಿಂದ ಹಾಕಿದೆವು. ಕೆಲವು ಪೆಟ್ಟಿಗೆಗಳು ತಾವಾಗಿ 80 ಮೆಗಾಹರ್ಟ್ಸ್ ಅಗಲ ತೆಗೆದುಕೊಳ್ಳುತ್ತವೆ. ರೇಡಾರಿಗೆ ಬಿಟ್ಟುಕೊಡಬೇಕಾದ ಚಾನಲ್‌ಗಳನ್ನು ಬಿಟ್ಟರೆ ಅಷ್ಟು ಅಗಲದ ಜಾಗ ಇರುವುದೇ ಎರಡು, 36ರಿಂದ ಮತ್ತು 149ರಿಂದ. ಮೂರು ಪೆಟ್ಟಿಗೆಗೆ ಸಾಲುವುದಿಲ್ಲ. 40ಕ್ಕೆ ಇಳಿಸಿದರೆ 36, 44, 149, 157 ಅಂತ ನಾಲ್ಕು ಸಿಗುತ್ತವೆ. ನಾವು ಮೊದಲ ಮೂರನ್ನು ಕೊಟ್ಟೆವು. ಹಳೆ ಮೊಬೈಲುಗಳಿಗಾಗಿ 2.4 ಗಿಗಾಹರ್ಟ್ಸ್ ಇಟ್ಟುಕೊಂಡೆವು, ಅದರಲ್ಲಿ 1, 6, 11, ಅಗಲ 20. ಕೇಬಲಿನಲ್ಲೇ ಕರೆಂಟು ಹೋಗುವ ಸ್ವಿಚ್ಚು ಹಾಕಿದ್ದರಿಂದ ಇನ್ನೊಂದು ಲಾಭವೂ ಆಯಿತು. ಸ್ವಿಚ್ಚು, ರೌಟರು, ಫೈಬರ್ ಪೆಟ್ಟಿಗೆಯನ್ನು ಒಂದು ಇನ್ವರ್ಟರಿಗೆ ಕೊಟ್ಟರೆ, ಮಳೆಗಾಲದಲ್ಲಿ ಕರೆಂಟು ಹೋದರೂ ಮೂರೂ ಕೋಣೆಯಲ್ಲಿ ವೈಫೈ ಇರುತ್ತದೆ.

ಇನ್ನು ಒಬ್ಬೊಬ್ಬರಿಗೆ ಎಷ್ಟು ಅನ್ನುವ ಪ್ರಶ್ನೆ. ಇದರಲ್ಲಿ ಎರಡು ದಾರಿ ಹೋಲಿಸಿದೆವು. 90 ಎಂಬಿಪಿಎಸ್ ಅನ್ನು ಅರವತ್ತರಿಂದ ಭಾಗಿಸಿ ಎಲ್ಲರಿಗೂ 1.5ರ ಕಟ್ಟು ಹಾಕುವುದು ಒಂದು. ಪರೀಕ್ಷೆಗೆ ಅದು ಸಾಕು. ಆದರೆ ಮಧ್ಯಾಹ್ನ ಐದೇ ಮಂದಿ ಇರುವಾಗ 60 ಎಂಬಿಯ ಪಾಠದ ವಿಡಿಯೋ ಇಳಿಸಲು ಐದು ನಿಮಿಷಕ್ಕಿಂತ ಜಾಸ್ತಿ ಬೇಕು, ಲೈನು ಖಾಲಿ ಬಿದ್ದಿದ್ದರೂ. ಇದು ಮಕ್ಕಳಿಗೆ ಅನ್ಯಾಯ ಅಂತ ನನಗೆ ಅನಿಸಿತು. ಇನ್ನೊಂದು ದಾರಿ ಮೈಕ್ರೋಟಿಕ್ ರೌಟರಿನ ಪಿಸಿಕ್ಯು. ಆ ಹೊತ್ತಿಗೆ ಎಷ್ಟು ಮಂದಿ ಎಳೆಯುತ್ತಿದ್ದಾರೋ ಅಷ್ಟು ಸಮಪಾಲು ಮಾಡಿ, ಒಬ್ಬರಿಗೆ 8 ದಾಟದಂತೆ ತಡೆಯುತ್ತದೆ. ಐದು ಮಂದಿ ಇದ್ದಾಗ ಅದೇ ವಿಡಿಯೋ ಒಂದು ನಿಮಿಷ, ಅರವತ್ತು ಮಂದಿಯೂ ಎಳೆದರೆ ತಾನಾಗಿ ತಲಾ 1.5.

```
/queue type
add name=down kind=pcq pcq-classifier=dst-address pcq-rate=8M
add name=up kind=pcq pcq-classifier=src-address pcq-rate=4M
/queue simple
add name=class target=192.168.10.0/24 max-limit=90M/90M queue=up/down
```

ಲೈನು 100 ಇದ್ದರೂ 90 ಬರೆದದ್ದಕ್ಕೆ ಕಾರಣ ಇದೆ. ಸಾಲು ನಮ್ಮ ರೌಟರಿನಲ್ಲೇ ನಿಲ್ಲಬೇಕು, ಆಗ ಮಾತ್ರ ಪಾಲು ಮಾಡುವುದು ನಮ್ಮ ಕೈಯಲ್ಲಿರುತ್ತದೆ.

ಇದು ಕೆಲಸ ಮಾಡದೆ ಇರುವುದಕ್ಕೆ ಎರಡು ಕಾರಣ ಸಾಮಾನ್ಯ. ರೌಟರಿನ ಜತೆಗೇ ಬರುವ ಸೆಟ್ಟಿಂಗಿನಲ್ಲಿ `fasttrack-connection` ಅನ್ನುವ ನಿಯಮ ಇರುತ್ತದೆ. ಅದರ ಮೂಲಕ ಹೋದದ್ದು ಈ ಸಾಲಿಗೆ ಬರುವುದೇ ಇಲ್ಲ. ಕ್ಯೂ ತೆರೆದಾಗ ಅಂಕಿ ಹೆಚ್ಚುಕಡಿಮೆ ಸೊನ್ನೆ ಇದ್ದು, ಲೈನು ಮಾತ್ರ ತುಂಬಿದ್ದರೆ ಆ ನಿಯಮವನ್ನು ನಿಲ್ಲಿಸಿ. ಇನ್ನೊಂದು, ಹಳೆ ಮನೆ ರೌಟರುಗಳನ್ನೇ ಆಕ್ಸೆಸ್ ಪಾಯಿಂಟ್ ಮಾಡಿಕೊಂಡವರಿಗೆ ಬರುವಂಥದ್ದು. ಅವು ರೌಟರ್ ಮೋಡಿನಲ್ಲೇ ಇದ್ದರೆ ಇಪ್ಪತ್ತು ಮೊಬೈಲೂ ಒಂದೇ ವಿಳಾಸದ ಹಿಂದೆ ಅಡಗುತ್ತವೆ, ಇಡೀ ತರಗತಿಗೆ ಸೇರಿ 8 ಎಂಬಿಪಿಎಸ್ ಸಿಗುತ್ತದೆ. ಮುಖ್ಯ ರೌಟರಿನ ಲೀಸ್ ಪಟ್ಟಿಯಲ್ಲಿ ಅರವತ್ತರ ಬದಲು ಮೂರೇ ಹೆಸರು ಕಂಡರೆ ಆಗಿರುವುದು ಇದೇ. ಅವುಗಳನ್ನು ಎಪಿ ಮೋಡಿಗೆ ಹಾಕಿ, ಅವುಗಳ ಡಿಎಚ್‌ಸಿಪಿ ನಿಲ್ಲಿಸಿ, ವಿಳಾಸ ಹಂಚುವುದನ್ನು ಮುಖ್ಯ ರೌಟರಿಗೆ ಮಾತ್ರ ಬಿಡಿ.